ಕನ್ನಂಬಾಡಿಯ ಒಂದು ಸುದ್ದಿ, ಹಲವು ಓದುಗರು: ತಲೆಬರಹ ಮತ್ತು ಪೋಸ್ಟ್ ಬರೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಗಾರು ಜೋರಾಗಿ ಕೊಡಗಿನಲ್ಲಿ ಮಳೆ ಹಿಡಿದರೆ ಮಂಡ್ಯ, ಮೈಸೂರಿನ ಸುದ್ದಿಮನೆಗಳಲ್ಲಿ ಒಂದೇ ಸುದ್ದಿಯನ್ನು ದಿನಕ್ಕೆ ನಾಲ್ಕಾರು ಸಲ ಬರೆಯಬೇಕಾಗುತ್ತದೆ. ಪತ್ರಿಕೆಗೆ ಒಂದು ಹೆಡ್ಡಿಂಗ್, ವಾಟ್ಸ್‌ಆ್ಯಪ್‌ಗೆ ಒಂದು ಪೋಸ್ಟ್, ತಮಿಳು ಅಥವಾ ಉರ್ದು ಮನೆಮಾತಿನವರಿಗೆ ಇನ್ನೊಂದು. ಮಂಡ್ಯದಲ್ಲಿ ಈ ಕೆಲಸ ಮಾಡುತ್ತಾ ಬಂದ ನನಗೆ, ಹೊಸದಾಗಿ ಡೆಸ್ಕ್‌ಗೆ ಬಂದವರೂ ಊರಿನ ಗುಂಪುಗಳನ್ನು ನಡೆಸುವ ಹುಡುಗರೂ ಕೇಳುವ ಪ್ರಶ್ನೆಗಳನ್ನು ಇಲ್ಲಿ ಬರೆದಿದ್ದೇನೆ. ಎಲ್ಲದಕ್ಕೂ ಒಂದೇ ಸುದ್ದಿಯನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ.

ಆ ಸುದ್ದಿ ಯಾವುದು?

ಅಭ್ಯಾಸಕ್ಕೆಂದು ನಾನೇ ಬರೆದುಕೊಂಡದ್ದು. ಇದರ ದಿನವೂ ನೀರಿನ ಲೆಕ್ಕವೂ ಕಲ್ಪಿತ, ಗರಿಷ್ಠ ಮಟ್ಟ ಮಾತ್ರ ನಿಜವಾದದ್ದು.

> ಕೊಡಗಿನಲ್ಲಿ ಮಳೆ ಹೆಚ್ಚಿರುವುದರಿಂದ ಕೆಆರ್‌ಎಸ್ ಜಲಾಶಯದ ಒಳಹರಿವು ಮಂಗಳವಾರ 42 ಸಾವಿರ ಕ್ಯುಸೆಕ್‌ಗೆ ಏರಿದೆ. ಬೆಳಿಗ್ಗೆ 8ಕ್ಕೆ ನೀರಿನ ಮಟ್ಟ 122.60 ಅಡಿ ಇತ್ತು. ಗರಿಷ್ಠ ಮಟ್ಟ 124.80 ಅಡಿ. ಸಂಜೆ 6ರ ನಂತರ ನದಿಗೆ 30 ಸಾವಿರ ಕ್ಯುಸೆಕ್‌ವರೆಗೆ ನೀರು ಬಿಡುವ ಸಾಧ್ಯತೆ ಇದ್ದು, ಒಳಹರಿವು ಏರಿದರೆ ಈ ಪ್ರಮಾಣವೂ ಹೆಚ್ಚಲಿದೆ. ನದಿ ಪಾತ್ರದ ತಗ್ಗು ಪ್ರದೇಶದ ಜನರು ಸುರಕ್ಷಿತ ಸ್ಥಳಕ್ಕೆ ತೆರಳಬೇಕು, ಜಾನುವಾರುಗಳನ್ನು ನದಿಗೆ ಇಳಿಸಬಾರದು ಎಂದು ಅಧಿಕಾರಿಗಳು ತಿಳಿಸಿದ್ದಾರೆ. ರಂಗನತಿಟ್ಟು ಪಕ್ಷಿಧಾಮದಲ್ಲಿ ದೋಣಿ ವಿಹಾರ ನಿಲ್ಲಿಸಲಾಗಿದೆ.

ಸುದ್ದಿ ಕೈಗೆ ಬಂದ ಕೂಡಲೇ ಹೆಡ್ಡಿಂಗ್ ಬರೆಯಲು ಕೂರಬಹುದೇ?

ಬೇಡ. ಮೊದಲು ಒಂದು ಚೀಟಿ ಮಾಡಿಕೊಳ್ಳಿ. ಸುದ್ದಿಯಲ್ಲಿ ಯಾವುದು ಆಗಿಹೋಗಿದೆ, ಯಾವುದು ಆಗಬಹುದು, ಯಾರು ಏನು ಮಾಡಬೇಕು ಎಂಬುದನ್ನು ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ಮೇಲಿನ ಸುದ್ದಿಯಲ್ಲಿ ಆಗಿಹೋಗಿರುವುದು ಒಳಹರಿವು ಏರಿದ್ದು, ಮಟ್ಟ 122.60 ಅಡಿ ಮುಟ್ಟಿದ್ದು, ದೋಣಿ ನಿಂತದ್ದು. ಆಗಬಹುದಾದದ್ದು ಸಂಜೆ 6ರ ನಂತರ ನೀರು ಬಿಡುವುದು, ಅದೂ 30 ಸಾವಿರದ‘ವರೆಗೆ’. ಮಾಡಬೇಕಾದದ್ದು ತಗ್ಗಿನವರು ಜಾಗ ಬಿಡುವುದು, ದನಕರು ಹೊಳೆಗೆ ಇಳಿಸದಿರುವುದು.

ಎಲ್ಲ ಭಾಷೆಯ ಪೋಸ್ಟನ್ನೂ ಈ ಚೀಟಿಯಿಂದಲೇ ಬರೆಯಬೇಕು. ಒಂದು ಪೋಸ್ಟನ್ನು ನೋಡಿಕೊಂಡು ಇನ್ನೊಂದನ್ನು ಬರೆಯಬಾರದು. ಯಾಕೆಂದರೆ ಪ್ರತಿ ಕೈಯಲ್ಲೂ ಒಂದೊಂದು ಪದ ಉದುರುತ್ತದೆ. ಸುದ್ದಿಯಲ್ಲಿ ‘30 ಸಾವಿರ ಕ್ಯುಸೆಕ್‌ವರೆಗೆ ಬಿಡುವ ಸಾಧ್ಯತೆ’ ಎಂದಿರುತ್ತದೆ. ಹೆಡ್ಡಿಂಗ್‌ನಲ್ಲಿ ಜಾಗ ಸಾಲದೆ ‘30 ಸಾವಿರ ಕ್ಯುಸೆಕ್ ಬಿಡುಗಡೆ’ ಆಗುತ್ತದೆ. ಅದನ್ನು ನೋಡಿ ಉರ್ದುವಿಗೆ ಬರೆದವರು ‘ಬಿಡಲಾಗಿದೆ’ ಅನ್ನುತ್ತಾರೆ. ಅದು ಮತ್ತೆ ಕನ್ನಡದ ಗುಂಪಿಗೆ ಬರುವಾಗ ‘ಬಿಟ್ಟು ಎರಡು ಗಂಟೆಯಾಯಿತು’ ಆಗಿರುತ್ತದೆ. ಸುಳ್ಳು ಹೇಳಬೇಕೆಂದು ಯಾರೂ ಹೊರಟಿರುವುದಿಲ್ಲ. ಆದರೆ ಹೊಳೆದಂಡೆಯ ಗದ್ದೆಯಿಂದ ಮೋಟಾರು ಎತ್ತಲು ಒಬ್ಬ ರೈತನಿಗೆ ಮಧ್ಯಾಹ್ನವೆಲ್ಲ ಸಮಯವಿತ್ತು ಎಂಬ ಸಂಗತಿಯೇ ಅಲ್ಲಿ ಕಳೆದುಹೋಗಿರುತ್ತದೆ.

ಕನ್ನಡ ಹೆಡ್ಡಿಂಗ್‌ನಲ್ಲಿ ಕ್ರಿಯಾಪದ ಬಿಡುವುದು ವಾಡಿಕೆ. ಅದರಲ್ಲೇನು ತಪ್ಪು?

ತಪ್ಪಿಲ್ಲ, ಆದರೆ ಎಲ್ಲಿ ಬಿಡಬಾರದು ಎಂದು ಗೊತ್ತಿರಬೇಕು. ‘ಕೆಆರ್‌ಎಸ್ ಭರ್ತಿಗೆ 2.20 ಅಡಿ ಬಾಕಿ’ ಎಂಬ ಹೆಡ್ಡಿಂಗ್‌ಗೆ ಕ್ರಿಯಾಪದ ಬೇಕಾಗಿಲ್ಲ, ಅರ್ಥ ಪೂರ್ತಿಯಾಗಿದೆ. ‘ನದಿಗೆ 30 ಸಾವಿರ ಕ್ಯುಸೆಕ್ ನೀರು’ ಎಂದರೆ ಬಿಟ್ಟಾಯಿತೋ, ಬಿಡುತ್ತಿದ್ದಾರೋ, ಬಿಡುತ್ತಾರೋ ತಿಳಿಯುವುದಿಲ್ಲ. ಕಾಲ ಮುಖ್ಯವಾದ ಸುದ್ದಿಯಲ್ಲಿ ಆ ಒಂದು ಪದಕ್ಕೆ ಜಾಗ ಮಾಡಲೇಬೇಕು.

ಪತ್ರಿಕೆಗೆ ನಾನು ಬರೆಯುವ ಹೆಡ್ಡಿಂಗ್ ಹೀಗೆ:

> ಕೆಆರ್‌ಎಸ್: ಸಂಜೆ ನದಿಗೆ ನೀರು ಬಿಡುವ ಸಾಧ್ಯತೆ
> 122.60 ಅಡಿ ತಲುಪಿದ ಮಟ್ಟ. ತಗ್ಗು ಪ್ರದೇಶದವರಿಗೆ ಎಚ್ಚರಿಕೆ

‘ಕೆಆರ್‌ಎಸ್ ಭೋರ್ಗರೆತ’, ‘ಕಾವೇರಿ ಆರ್ಭಟ’ ಎಂಬ ಹೆಡ್ಡಿಂಗ್‌ಗಳು ಪ್ರತಿ ವರ್ಷ ಬರುತ್ತವೆ. ಗೇಟು ತೆಗೆದ ಮರುದಿನದ ಚಿತ್ರಕ್ಕೆ ಅವು ಒಪ್ಪಬಹುದು. ಗೇಟು ಇನ್ನೂ ತೆಗೆಯದ ದಿನ ಅವನ್ನು ಹಾಕುವುದನ್ನು ನಾನು ಒಪ್ಪುವುದಿಲ್ಲ.

ಮಂಡ್ಯದ ಓದುಗರಿಗೆ ಪತ್ರಿಕೆಯ ಹೆಡ್ಡಿಂಗನ್ನೇ ವಾಟ್ಸ್‌ಆ್ಯಪ್‌ಗೆ ಹಾಕಿದರೆ ಸಾಲದೇ?

ಸಾಲದು. ‘ನದಿ ಪಾತ್ರ’, ‘ಜಾನುವಾರು’, ‘ಸುರಕ್ಷಿತ ಸ್ಥಳಕ್ಕೆ ತೆರಳುವುದು’ ಇವೆಲ್ಲ ಪ್ರಕಟಣೆಯ ಭಾಷೆ. ಶ್ರೀರಂಗಪಟ್ಟಣ ತಾಲ್ಲೂಕಿನ ಹಳ್ಳಿಯಲ್ಲಿ ಕಾವೇರಿ ಎಂದರೆ ‘ಹೊಳೆ’, ಜಲಾಶಯ ಎಂದರೆ ‘ಕಟ್ಟೆ’, ಇನ್ನೂ ಸರಿಯಾಗಿ ಹೇಳಬೇಕೆಂದರೆ ‘ಕನ್ನಂಬಾಡಿ ಕಟ್ಟೆ’. ಅವರಿಗೆ ಹೀಗೆ ಬರೆಯಬಹುದು:

> ಕನ್ನಂಬಾಡಿ ಕಟ್ಟೆಯಿಂದ ಇವತ್ತು (ಮಂಗಳವಾರ) ಸಂಜೆ 6ರ ಮೇಲೆ ಹೊಳೆಗೆ ನೀರು ಬಿಡಬಹುದು. 30 ಸಾವಿರ ಕ್ಯುಸೆಕ್‌ವರೆಗೆ. ಮಳೆ ಹೆಚ್ಚಾದರೆ ಇನ್ನೂ ಜಾಸ್ತಿ. ಹೊಳೆದಂಡೆಯ ತಗ್ಗಿನಲ್ಲಿ ಇರುವವರು ಎತ್ತರದ ಜಾಗಕ್ಕೆ ಹೋಗಿ. ದನಕರು ಹೊಳೆಗೆ ಇಳಿಸಬೇಡಿ.

ಇದರ ಜೊತೆಗೆ ಮಂಡ್ಯದ ರೈತ ಕೇಳುವ ಮೊದಲ ಪ್ರಶ್ನೆ ಬೇರೆಯೇ ಇದೆ: ‘ನಾಲೆಗೆ ಬಿಟ್ಟರಾ?’ ವಿಶ್ವೇಶ್ವರಯ್ಯ ನಾಲೆಗೆ, ಅಂದರೆ ವಿ.ಸಿ. ನಾಲೆಗೆ ಬಿಡುವ ನೀರಿನ ಮೇಲೆ ಅವನ ಭತ್ತದ ನಾಟಿ, ಕಬ್ಬು ನಿಂತಿದೆ. ಹೊಳೆಗೆ ಬಿಟ್ಟ ನೀರು ಅವನ ಗದ್ದೆಗೆ ಬರುವುದಿಲ್ಲ. ಬರೀ ‘ನೀರು ಬಿಡುಗಡೆ’ ಎಂದು ಹಾಕಿದರೆ ನಾಲೆ ಬಯಲಿನ ಹಳ್ಳಿಗಳಲ್ಲಿ ಒಟ್ಲು ಹಾಕಲು ಓಡಾಟ ಶುರುವಾಗುತ್ತದೆ. ಆದ್ದರಿಂದ ‘ನದಿಗೆ’ ಅಥವಾ ‘ಹೊಳೆಗೆ’ ಎಂಬ ಪದವನ್ನು ಯಾವ ಭಾಷೆಯ ಪೋಸ್ಟಿನಲ್ಲೂ ಕೈಬಿಡಬಾರದು. ಸುದ್ದಿಯಲ್ಲಿ ನಾಲೆಯ ಮಾತು ಇಲ್ಲದಿದ್ದರೆ, ವರದಿಗಾರರಿಗೆ ಫೋನ್ ಮಾಡಿ ಕೇಳಿ ಒಂದು ಸಾಲು ಸೇರಿಸಿ. ಕೇಳದೆ ಸೇರಿಸಬೇಡಿ.

‘ಕಟ್ಟೆ’ ಎಂಬ ಪದ ಎಲ್ಲ ಕನ್ನಡಿಗರಿಗೂ ನಡೆಯುತ್ತದೆಯೇ?

ಇಲ್ಲ. ಬೇರೆ ಜಿಲ್ಲೆಯ ಹಲವರಿಗೆ ಕಟ್ಟೆ ಎಂದರೆ ಅರಳಿಕಟ್ಟೆ, ಕೂರುವ ಜಗಲಿ. ರಾಜ್ಯವೆಲ್ಲ ಓದುವ ಪುಟಕ್ಕೆ ‘ಕೆಆರ್‌ಎಸ್ ಜಲಾಶಯ’ ಎಂದೇ ಬರೆಯಿರಿ.

ಕ್ಯುಸೆಕ್, ಟಿಎಂಸಿ, ಅಡಿ: ಇವುಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು?

ಮೂರೂ ಮೂರು ಬೇರೆ ಸಂಗತಿ ಹೇಳುತ್ತವೆ. ಅಡಿ ಎಂದರೆ ನೀರು ನಿಂತ ಎತ್ತರ. ಟಿಎಂಸಿ ಎಂದರೆ ಎಷ್ಟು ನೀರಿದೆ ಎಂಬುದು, ಒಂದು ಟಿಎಂಸಿ ಅಡಿಗೆ ನೂರು ಕೋಟಿ ಘನ ಅಡಿ. ಕ್ಯುಸೆಕ್ ಎಂದರೆ ಸೆಕೆಂಡಿಗೆ ಎಷ್ಟು ಘನ ಅಡಿ ಹರಿಯುತ್ತಿದೆ ಎಂಬ ವೇಗದ ಲೆಕ್ಕ. ‘30 ಸಾವಿರ ಟಿಎಂಸಿ ನೀರು ಬಿಡುಗಡೆ’ ಎಂಬ ಪೋಸ್ಟನ್ನು ನಾನು ಕಣ್ಣಾರೆ ನೋಡಿದ್ದೇನೆ. ಕೆಆರ್‌ಎಸ್ ಪೂರ್ತಿ ತುಂಬಿದರೂ ಅದರಲ್ಲಿ ಇರುವುದು ಸುಮಾರು 49.45 ಟಿಎಂಸಿ ಅಡಿ ನೀರು.

ಅನುಮಾನ ಬಂದಾಗ ನೋಡಲು ಒಂದು ಲೆಕ್ಕ ನೆನಪಿಡಿ. 11,574 ಕ್ಯುಸೆಕ್ ನೀರು ಒಂದು ಇಡೀ ದಿನ ಹರಿದರೆ ಒಂದು ಟಿಎಂಸಿ ಅಡಿ ಆಗುತ್ತದೆ. ನಮ್ಮ ಸುದ್ದಿಯ 30 ಸಾವಿರ ಕ್ಯುಸೆಕ್ 24 ಗಂಟೆ ಹರಿದರೆ ಸುಮಾರು 2.6 ಟಿಎಂಸಿ ಅಡಿ. ಯಾರಾದರೂ ‘ಒಂದೇ ದಿನದಲ್ಲಿ 20 ಟಿಎಂಸಿ ಹೋಯಿತು’ ಎಂದು ಬರೆದು ತಂದರೆ, ಅಷ್ಟು ಹೋಗಬೇಕಾದರೆ ದಿನವಿಡೀ ಎರಡು ಲಕ್ಷಕ್ಕೂ ಹೆಚ್ಚು ಕ್ಯುಸೆಕ್ ಹರಿಯಬೇಕು ಎಂಬುದು ಈ ಲೆಕ್ಕದಿಂದಲೇ ಗೊತ್ತಾಗುತ್ತದೆ.

ಪೋಸ್ಟಿಗೆ ಒಂದೇ ಅಂಕಿ ಸಾಕು. ಹೊಳೆದಂಡೆಯವರಿಗೆ ಹೊರಹರಿವು, ರೈತರಿಗೂ ಬೆಂಗಳೂರಿನ ಓದುಗರಿಗೂ ನೀರಿನ ಮಟ್ಟ. ಕಾವೇರಿ ನೀರನ್ನೇ ಕುಡಿಯುವ ಬೆಂಗಳೂರಿನವರಿಗೆ ಕಟ್ಟೆ ಎಷ್ಟು ತುಂಬಿದೆ ಎಂಬುದೇ ಸುದ್ದಿ. ಕ್ಯುಸೆಕ್ ಎಂದರೆ ಏನೆಂದೇ ತಿಳಿಯದವರಿಗೆ ಬರೆಯುವಾಗ 30 ಸಾವಿರ ಕ್ಯುಸೆಕ್ ಬದಲು ‘ಸೆಕೆಂಡಿಗೆ ಸುಮಾರು 8.5 ಲಕ್ಷ ಲೀಟರ್’ ಎನ್ನಬಹುದು. ಒಳಹರಿವಿನ ಅಂಕಿಯನ್ನು ಎಚ್ಚರಿಕೆಯ ಪೋಸ್ಟಿನಿಂದ ತೆಗೆದೇಬಿಡಿ. 42 ಮತ್ತು 30 ಎರಡೂ ಇದ್ದರೆ ಓದುಗರ ತಲೆಯಲ್ಲಿ ದೊಡ್ಡದೇ ಉಳಿಯುತ್ತದೆ.

ತಮಿಳು ಓದುಗರಿಗೆ ಬರೆಯುವಾಗ ಏನು ಬದಲಾಗಬೇಕು?

ಮೊದಲು ಆ ತಮಿಳು ಓದುಗರು ಎಲ್ಲಿದ್ದಾರೆ ಎಂದು ಕೇಳಿಕೊಳ್ಳಿ. ಮೈಸೂರು, ಶ್ರೀರಂಗಪಟ್ಟಣದಲ್ಲಿ ತಲೆಮಾರುಗಳಿಂದ ಇರುವ ತಮಿಳು ಮನೆಮಾತಿನವರಿಗೆ ಮೆಟ್ಟೂರಿಗೆ ನೀರು ಯಾವಾಗ ಮುಟ್ಟುತ್ತದೆ ಎಂಬುದು ಬೇಕಾಗಿಲ್ಲ. ಸ್ನಾನಘಟ್ಟಕ್ಕೆ ಇಳಿಯಬಹುದೇ, ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಡಲು ಊರಿಂದ ಬರುತ್ತಿರುವ ನೆಂಟರನ್ನು ತಡೆಯಬೇಕೇ ಎಂಬುದು ಬೇಕು. ಅವರಿಗೆ ಕೊಡಬೇಕಾದದ್ದು ಮಂಡ್ಯದ ಪೋಸ್ಟೇ, ಭಾಷೆ ಮಾತ್ರ ತಮಿಳು. ಗಡಿಯಾಚೆ ಧರ್ಮಪುರಿ, ಸೇಲಂ ಕಡೆ ಇರುವವರಿಗೆ ಬೇಕಾದದ್ದು ಬೇರೆ: ಗಡಿಯಲ್ಲಿ ನೀರು ಅಳೆಯುವ ಬಿಳಿಗುಂಡ್ಲು, ಹೊಗೇನಕಲ್, ಮೆಟ್ಟೂರು.

ಪದಗಳ ವಿಚಾರಕ್ಕೆ ಬಂದರೆ, ತಮಿಳು ಪತ್ರಿಕೆಗಳಲ್ಲಿ ಕ್ಯುಸೆಕ್ ಬದಲು ‘ವಿನಾಡಿಕ್ಕು 30 ಆಯಿರಂ ಕನ ಅಡಿ’ ಎಂದು, ಅಂದರೆ ಸೆಕೆಂಡಿಗೆ ಇಷ್ಟು ಘನ ಅಡಿ ಎಂದು ಬರೆಯುವ ರೂಢಿ ಇದೆ. ಒಳಹರಿವು ‘ನೀರ್‌ವರತ್ತು’. ‘ಎಚ್ಚರಿಕ್ಕೈ’ ನಮ್ಮ ಎಚ್ಚರಿಕೆಯೇ, ಅರ್ಥ ಕೆಡುವುದಿಲ್ಲ. ಪ್ರವಾಹಕ್ಕೆ ‘ವೆಳ್ಳಂ’ ಎನ್ನಬೇಕು.

ಇದಕ್ಕಿಂತ ದೊಡ್ಡ ಸಂಗತಿ ಕನ್ನಡದ ಹೆಡ್ಡಿಂಗ್‌ನಲ್ಲೇ ಇದೆ. ಇದೇ ಸುದ್ದಿಗೆ ‘ತಮಿಳುನಾಡಿಗೆ 30 ಸಾವಿರ ಕ್ಯುಸೆಕ್ ನೀರು’ ಎಂದು ಹಾಕುವವರಿದ್ದಾರೆ. ಭೂಗೋಳದ ಪ್ರಕಾರ ಸುಳ್ಳಲ್ಲ, ಹೊಳೆ ಹರಿಯುವುದು ಆ ಕಡೆಗೇ. ಆದರೆ ಸುದ್ದಿ ಹೇಳುತ್ತಿರುವುದು ಕಟ್ಟೆ ತುಂಬುತ್ತಿದೆ, ಹೆಚ್ಚಿನ ನೀರನ್ನು ಹೊಳೆಗೆ ಬಿಡಬೇಕಾಗಬಹುದು ಎಂದು. ‘ತಮಿಳುನಾಡಿಗೆ’ ಎಂಬ ಪದ ಬಂದ ಕೂಡಲೇ ಮಂಡ್ಯದ ಓದುಗ ಅದನ್ನು ನದಿ ಹಂಚಿಕೆಯ ಸುದ್ದಿಯಾಗಿ ಓದುತ್ತಾನೆ. 2018ರ ಫೆಬ್ರುವರಿ 16ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಸಾಮಾನ್ಯ ಮಳೆಯ ವರ್ಷ ಬಿಳಿಗುಂಡ್ಲುವಿನಲ್ಲಿ 177.25 ಟಿಎಂಸಿ ಅಡಿ ಹರಿಸಬೇಕೆಂಬ ಲೆಕ್ಕ ಇಲ್ಲಿ ಎಲ್ಲರಿಗೂ ಬಾಯಿಪಾಠ. ಆದೇಶದ ಮೇಲೆ ಬಿಡುವ ನೀರಿನ ಸುದ್ದಿ ಬಂದ ದಿನ ‘ತಮಿಳುನಾಡಿಗೆ’ ಎಂದು ಬರೆಯಲೇಬೇಕು, ಅಲ್ಲಿ ಅದೇ ವಿಷಯ. ಮಳೆ ನೀರು ಹೊಳೆಗೆ ಬಿಡುವ ದಿನ ‘ನದಿಗೆ’ ಎನ್ನಬೇಕು. ಕಾವೇರಿ ವಿಚಾರದಲ್ಲಿ ಎರಡೂ ಕಡೆ ಜನ ನೊಂದಿದ್ದಾರೆ. ಇಲ್ಲದ ಜಗಳವನ್ನು ಹೆಡ್ಡಿಂಗ್‌ನಿಂದ ಹುಟ್ಟಿಸುವ ಹಕ್ಕು ನಮಗಿಲ್ಲ.

ಹಿಂದಿ, ಉರ್ದು ಓದುಗರಿಗೆ? ಸಂಸ್ಕೃತದ ಪದಗಳು ಹಾಗೇ ನಡೆಯುತ್ತವಲ್ಲ?

ಅಲ್ಲಿಯೇ ಕಾಲು ಜಾರುವುದು. ಕನ್ನಡದ ‘ಪ್ರವಾಹ’ವನ್ನು ಹಿಂದಿ ಪೋಸ್ಟಿನಲ್ಲಿ ಹಾಗೆಯೇ ಇಟ್ಟರೆ ಅದಕ್ಕೆ ಬರೀ ‘ಹರಿವು’ ಎಂಬ ಅರ್ಥ. ‘ಪ್ರವಾಹದ ಮುನ್ನೆಚ್ಚರಿಕೆ’ ಎಂದು ನಾವು ಗಾಬರಿಯಿಂದ ಬರೆದದ್ದು ಅವರಿಗೆ ನೀರು ಹರಿಯುತ್ತಿದೆ ಎಂಬಷ್ಟೇ ಸಪ್ಪೆ ಮಾತಾಗುತ್ತದೆ. ಹಿಂದಿಗೆ ‘ಬಾಢ್’ ಬೇಕು, ಉರ್ದುವಿಗೆ ‘ಸೈಲಾಬ್’. ‘ನದಿ ಪಾತ್ರ’ವೂ ಹಾಗೆಯೇ, ಹಿಂದಿಯಲ್ಲಿ ಪಾತ್ರ ಎಂದರೆ ಪಾತ್ರೆ ಅಥವಾ ನಾಟಕದ ಪಾತ್ರ. ‘ನದಿಯ ದಡ’ ಎಂಬ ಅರ್ಥದ ಪದವನ್ನೇ ಹಾಕಿ.

ಹಿಂದಿ ಓದುವವರಲ್ಲಿ ಹೆಚ್ಚಿನವರು ಇಲ್ಲಿಗೆ ಪ್ರವಾಸಕ್ಕೆ ಬಂದವರು ಅಥವಾ ಕೆಲಸಕ್ಕೆ ಬಂದವರು. ಅವರಿಗೆ ಮೊದಲ ಸಾಲಿನಲ್ಲೇ ರಂಗನತಿಟ್ಟಿನ ದೋಣಿ ಇಲ್ಲ ಎಂದು ಹೇಳಬೇಕು, ಎರಡನೆಯ ಸಾಲಿನಲ್ಲಿ ನೀರಿಗೆ ಇಳಿಯಬೇಡಿ ಎಂದು. ಸುದ್ದಿಯಲ್ಲಿ ಕೊನೆಗಿದ್ದ ಸಾಲು ಇಲ್ಲಿ ತಲೆಗೆ ಬರುತ್ತದೆ. ತಗ್ಗು ಪ್ರದೇಶ ಯಾವುದು ಎಂಬುದು ಹೊರಗಿನವರಿಗೆ ಗೊತ್ತಿರುವುದಿಲ್ಲ. ಆದ್ದರಿಂದ ಸ್ಥಳದ ಹೆಸರು ಹೇಳಿ: ಶ್ರೀರಂಗಪಟ್ಟಣದ ಸ್ನಾನಘಟ್ಟ, ಸಂಗಮ, ನಿಮಿಷಾಂಬ ದೇವಸ್ಥಾನದ ಬಳಿಯ ದಂಡೆ.

ಇವರಿಗೇ ಸರಳ ಕನ್ನಡದಲ್ಲೂ ಒಂದು ಪೋಸ್ಟ್ ಹಾಕುತ್ತೇನೆ, ಕನ್ನಡ ಕಲಿಯುತ್ತಿರುವವರು ತುಂಬ ಮಂದಿ ಇದ್ದಾರೆ:

> ಇವತ್ತು ರಂಗನತಿಟ್ಟಿನಲ್ಲಿ ದೋಣಿ ಇಲ್ಲ. ಸಂಜೆ 6 ಗಂಟೆ ನಂತರ ಕಾವೇರಿ ನದಿಯಲ್ಲಿ ನೀರು ಜಾಸ್ತಿ ಆಗಬಹುದು. ಶ್ರೀರಂಗಪಟ್ಟಣದಲ್ಲಿ ನದಿಗೆ ಇಳಿಯಬೇಡಿ. ಮಕ್ಕಳನ್ನು ದೂರ ಇಡಿ.

ಸಣ್ಣ ವಾಕ್ಯ, ಒಂದು ವಾಕ್ಯಕ್ಕೆ ಒಂದೇ ಕ್ರಿಯಾಪದ. ‘ನಿಲ್ಲಿಸಲಾಗಿದೆ’, ‘ಬಿಡಲಾಗುವುದು’ ಎಂಬ ರೂಪಗಳು ಕಲಿಯುವವರಿಗೆ ಕಷ್ಟ. ‘ಇಲ್ಲ’, ‘ಬೇಡಿ’ ಎಲ್ಲರಿಗೂ ಗೊತ್ತು.

ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಅಂಥವರಿಗೆ?

ಧ್ವನಿ ಸಂದೇಶ. ಅರ್ಧ ನಿಮಿಷದ್ದು ಸಾಕು. ಮೇಲೆ ಹೊಳೆದಂಡೆಯವರಿಗೆ ಬರೆದ ಪೋಸ್ಟನ್ನೇ ನಿಧಾನವಾಗಿ ಓದಿ, ದಿನಾಂಕವನ್ನು ಮೊದಲು ಹೇಳಿ, ಸಮಯವನ್ನು ಎರಡು ಸಲ ಹೇಳಿ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವುದಕ್ಕಿಂತ ಇದು ಎಷ್ಟೋ ಮೇಲು.

ಈ ಎಚ್ಚರಿಕೆಯಲ್ಲಿ ಯಾವ ಊರುಗಳನ್ನು ಹೆಸರಿಸಬಹುದು?

ಕೆಆರ್‌ಎಸ್‌ನಿಂದ ಕೆಳಗೆ ಹೊಳೆ ಹರಿಯುವ ದಾರಿಯನ್ನು ನೆನಪಿಟ್ಟುಕೊಳ್ಳಿ: ರಂಗನತಿಟ್ಟು, ಶ್ರೀರಂಗಪಟ್ಟಣ, ಮುಂದೆ ತಿರುಮಕೂಡಲು ನರಸೀಪುರ, ತಲಕಾಡು, ಶಿವನಸಮುದ್ರ, ಮುತ್ತತ್ತಿ. ಈ ಸಾಲಿನಲ್ಲಿ ನಂಜನಗೂಡು ಇಲ್ಲ. ಅದು ಕಪಿಲೆಯ ದಂಡೆಯ ಊರು, ಅಲ್ಲಿಗೆ ನೀರು ಬರುವುದು ಕಬಿನಿ ಜಲಾಶಯದಿಂದ. ಕಪಿಲೆ ಕಾವೇರಿಗೆ ಸೇರುವುದು ನರಸೀಪುರದಲ್ಲಿ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಒಮ್ಮೆ ನಾನು ಕೆಲಸ ಮಾಡುತ್ತಿದ್ದ ಡೆಸ್ಕ್‌ನಿಂದ ಹೋದ ಕೆಆರ್‌ಎಸ್ ಪೋಸ್ಟಿನಲ್ಲಿ ನಂಜನಗೂಡಿನ ಹೆಸರು ಸೇರಿಕೊಂಡಿತು. ಬರೆದವರು ಹೊರಜಿಲ್ಲೆಯವರು, ನೋಡಿ ಕಳಿಸಿದವನು ನಾನು. ದೇವಸ್ಥಾನಕ್ಕೆ ಹೊರಟಿದ್ದವರು ವಾಪಸಾದರು, ದಂಡೆಯ ಮನೆಗಳವರು ಸಾಮಾನು ಕಟ್ಟಿದರು. ತಿದ್ದುಪಡಿ ಹಾಕಿದ ಮೇಲೂ ಎರಡು ದಿನ ಆ ಪೋಸ್ಟ್ ಸುತ್ತುತ್ತಲೇ ಇತ್ತು. ಅಂದಿನಿಂದ ಊರಿನ ಹೆಸರನ್ನು ನಕ್ಷೆ ನೋಡದೆ ನಾನು ಬಿಡುವುದಿಲ್ಲ. ನರಸೀಪುರದಿಂದ ಕೆಳಗಿನ ಊರುಗಳಿಗೆ ಬರೆಯುವಾಗ ಕೆಆರ್‌ಎಸ್‌ನ ಅಂಕಿ ಒಂದೇ ಸಾಲದು ಎಂಬುದೂ ಇದರಿಂದಲೇ ಗೊತ್ತಾಗುತ್ತದೆ. ಅಲ್ಲಿ ಎರಡು ಹೊಳೆಯ ನೀರೂ ಸೇರಿರುತ್ತದೆ.

ಎಕ್ಸ್‌ನಲ್ಲಿ 280 ಅಕ್ಷರ ಎನ್ನುತ್ತಾರೆ, ಕನ್ನಡಕ್ಕೆ ಯಾಕೆ ಬೇಗ ಮುಗಿಯುತ್ತದೆ?

ಅಲ್ಲಿ ಎಣಿಸುವುದು ನಾವು ಎಣಿಸುವ ಅಕ್ಷರವನ್ನಲ್ಲ. ವ್ಯಂಜನ, ಒತ್ತು ಕೊಡುವ ಹಲಂತ ಚಿಹ್ನೆ, ಸ್ವರ ಚಿಹ್ನೆ ಎಲ್ಲವೂ ಬೇರೆ ಬೇರೆ ಲೆಕ್ಕ. ‘ಎಚ್ಚರಿಕೆ’ ನಮಗೆ ನಾಲ್ಕು ಅಕ್ಷರ, ಅಲ್ಲಿ ಎಂಟು. ‘ಶ್ರೀರಂಗಪಟ್ಟಣ’ ನಮಗೆ ಆರು, ಅಲ್ಲಿ ಹನ್ನೆರಡು. ಲಿಂಕ್ ಎಷ್ಟೇ ಉದ್ದವಿದ್ದರೂ 23 ಎಂದು ಎಣಿಸುತ್ತದೆ. ಆದ್ದರಿಂದ ಒತ್ತಕ್ಷರ ಹೆಚ್ಚಿರುವ ಪ್ರಕಟಣೆಯ ಪದಗಳಿಗೆ ಜಾಗ ಜಾಸ್ತಿ ಹೋಗುತ್ತದೆ. ‘ಸುರಕ್ಷಿತ ಸ್ಥಳಕ್ಕೆ ತೆರಳಿ’ ಬದಲು ‘ಎತ್ತರದ ಜಾಗಕ್ಕೆ ಹೋಗಿ’ ಎಂದರೆ ಜಾಗ ಉಳಿಯುತ್ತದೆ, ಎಲ್ಲಿಗೆ ಹೋಗಬೇಕೆಂಬುದೂ ತಿಳಿಯುತ್ತದೆ. ಎಸ್‌ಎಂಎಸ್ ಇನ್ನೂ ಬಿಗಿ, ಕನ್ನಡದಲ್ಲಿ ಒಂದು ಸಂದೇಶಕ್ಕೆ 70 ಮಾತ್ರ.

ಹ್ಯಾಷ್‌ಟ್ಯಾಗ್‌ಗೆ ವಿಭಕ್ತಿ ಸೇರಿಸಬೇಡಿ. `#ಮಂಡ್ಯ` ಮತ್ತು `#ಮಂಡ್ಯದಲ್ಲಿ` ಎರಡು ಬೇರೆ ಟ್ಯಾಗ್‌ಗಳಾಗುತ್ತವೆ.

ಪುಟದಿಂದ ನಕಲು ಮಾಡಿ ಅಂಟಿಸಿದರೆ `PÀ£ÀßqÀ` ಎಂದು ಬರುತ್ತದೆ. ಯಾಕೆ?

ಪುಟವಿನ್ಯಾಸಕ್ಕೆ ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್ ಬಳಸಿದ್ದಾರೆ. ನೀವು ನೋಡುತ್ತಿರುವುದು ‘ಕನ್ನಡ’ ಎಂಬ ಪದವೇ. ಯೂನಿಕೋಡ್‌ಗೆ ಪರಿವರ್ತಿಸಿ ಹಾಕಿ. ಪರಿವರ್ತನೆಯಾದ ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಮತ್ತು ಎಲ್ಲ ಅಂಕಿಗಳನ್ನು ಮೂಲದೊಂದಿಗೆ ಇಟ್ಟು ನೋಡಿ.

ನನಗೆ ತಮಿಳು, ಉರ್ದು ಬರುವುದಿಲ್ಲ. ಬರೆದುಕೊಟ್ಟದ್ದು ಸರಿಯಿದೆ ಎಂದು ತಿಳಿಯುವುದು ಹೇಗೆ?

ಬರೆದವರನ್ನು ಬಿಟ್ಟು, ಆ ಭಾಷೆ ಓದುವ ಬೇರೊಬ್ಬರಿಗೆ ಪೋಸ್ಟ್ ಕೊಡಿ. ಮೂಲ ಸುದ್ದಿ ತೋರಿಸಬೇಡಿ. ಓದಿದ ಮೇಲೆ ಕನ್ನಡದಲ್ಲಿ ಮೂರೇ ಪ್ರಶ್ನೆ ಕೇಳಿ: ನೀರು ಬಿಟ್ಟಿದ್ದಾರಾ, ಬಿಡಬಹುದಾ? ಎಲ್ಲಿಗೆ? ನೀವೀಗ ಏನು ಮಾಡುತ್ತೀರಿ? ‘ಬಿಟ್ಟಿದ್ದಾರಂತೆ’ ಎಂಬ ಉತ್ತರ ಬಂದರೆ ಪೋಸ್ಟ್ ವಾಪಸ್. ನಮ್ಮ ಡೆಸ್ಕ್‌ನಲ್ಲಿ ಉರ್ದು ಪೋಸ್ಟನ್ನು ಕೆಳಗಿನ ಅಂಗಡಿಯ ಚಾಚಾ ಓದಿ ಹೇಳುತ್ತಿದ್ದರು. ಅವರು ತಡವರಿಸಿದ ಕಡೆಯೆಲ್ಲ ನಾವು ಪದ ಬದಲಿಸುತ್ತಿದ್ದೆವು.

ಪರಿಸ್ಥಿತಿ ಬದಲಾದರೆ ಹಳೆಯ ಪೋಸ್ಟನ್ನು ಅಳಿಸಬೇಕೇ?

ನಮ್ಮ ಪುಟದಲ್ಲಿ ಅಳಿಸಿದರೂ ಫಾರ್ವರ್ಡ್ ಆದದ್ದು ಉಳಿಯುತ್ತದೆ. ಹಾಗಾಗಿ ಮೊದಲೇ ಪೋಸ್ಟಿನೊಳಗೆ ದಿನಾಂಕ, ಬರೆದ ಗಂಟೆ ಇರಬೇಕು, ಬರೀ ‘ಇಂದು’ ಎಂದರೆ ಮುಂದಿನ ವರ್ಷವೂ ಅದು ‘ಇಂದು’. ಮೇಲಿನ ಮಾದರಿ ಪೋಸ್ಟುಗಳಿಗೂ ಅವನ್ನು ಸೇರಿಸಿಯೇ ಹಾಕಿ. ಹೊಸ ಅಂಕಿ ಬಂದಾಗ ಹೊಸ ಪೋಸ್ಟ್ ಹಾಕಿ, ಮೊದಲ ಸಾಲಿನಲ್ಲೇ ‘ಬೆಳಿಗ್ಗೆ ಹೇಳಿದ್ದ 30 ಸಾವಿರ ಈಗ 45 ಸಾವಿರ ಆಗಿದೆ’ ಎಂಬಂತೆ ಹಳೆಯದನ್ನೂ ಹೇಳಿ. ಮೊದಲ ಪೋಸ್ಟ್ ಯಾವ ಯಾವ ಭಾಷೆಯಲ್ಲಿ, ಯಾವ ಗುಂಪಿಗೆ ಹೋಗಿತ್ತು ಎಂಬುದನ್ನು ಆ ಚೀಟಿಯ ಹಿಂದೆಯೇ ಬರೆದಿಟ್ಟಿದ್ದರೆ, ಎರಡನೆಯದೂ ಅಷ್ಟೂ ಕಡೆಗೆ ತಪ್ಪದೆ ಹೋಗುತ್ತದೆ.